ಮಗಳ ಹೆಸರು, ಬೇರೆ ಮುಖ

ಫ್ಲೋರಿಯನ್ ಝೆಲರ್ ತಮ್ಮದೇ ಫ್ರೆಂಚ್ ನಾಟಕವನ್ನು ಆಧರಿಸಿ 2020ರಲ್ಲಿ ನಿರ್ದೇಶಿಸಿದ 'ದಿ ಫಾದರ್' ಚಿತ್ರದ ಆರಂಭದಲ್ಲೇ ಎದೆ ಧಸಕ್ಕೆನ್ನಿಸುವ ದೃಶ್ಯವೊಂದಿದೆ. ಲಂಡನ್ನಿನ ಫ್ಲ್ಯಾಟೊಂದರಲ್ಲಿ ವೃದ್ಧ ಆಂಟನಿ, ಬಾಗಿಲ ಸದ್ದಿಗೆ ಮಗಳು ಆನ್ ಬಂದಳೆಂದು ಎದ್ದು ಬರುತ್ತಾನೆ. ಅಂಗಡಿಯಿಂದ ಸಾಮಾನು ತಂದು ನಿಂತವಳು ಬೇರೆ ಯಾರೋ. ಆದರೆ ಮಾತಾಡುವುದು ಮಗಳಂತೆಯೇ. ಇದಕ್ಕೂ ಮುಂಚೆ ನಾವು ಆನ್ ಎಂದು ಕಂಡದ್ದು ಒಲಿವಿಯಾ ಕೋಲ್ಮನ್ ಅವರನ್ನು. ಈಗ ಆ ಹೆಸರಿನಲ್ಲಿ ನಿಂತಿರುವುದು ಒಲಿವಿಯಾ ವಿಲಿಯಮ್ಸ್. ಗುರುತು ಸಿಗದೆ ಆಂಟನಿಯ ಜೊತೆ ನಾವೂ ಕಕ್ಕಾಬಿಕ್ಕಿಯಾಗುತ್ತೇವೆ.

ಚಿತ್ರದ ಹೆಚ್ಚುಗಾರಿಕೆ ಇಲ್ಲಿದೆ. 'ಅಪ್ಪ ನನ್ನನ್ನೇ ಮರೆತುಬಿಟ್ಟರು' ಎಂದು ಡಿಮೆನ್ಷಿಯಾ ಇರುವವರ ಮಕ್ಕಳು ಕರುಳು ಹಿಂಡಿದಂತೆ ನೋಯುತ್ತಾರೆ. ಆದರೆ ಆಂಟನಿ ಮಗಳನ್ನು ಮರೆತಿಲ್ಲ. ಅವಳಿಗಾಗಿಯೇ ಕಾಯುತ್ತಿದ್ದಾನೆ. ಎದುರಿಗಿರುವ ಮುಖ ಮನಸ್ಸಿನೊಳಗಿನ ಮಗಳಿಗೆ ಹೊಂದುತ್ತಿಲ್ಲ, ಅಷ್ಟೇ. ಆಂಟನಿಯ ಪಾತ್ರದಲ್ಲಿ ಆ್ಯಂಟನಿ ಹಾಪ್ಕಿನ್ಸ್ ಆ ಕ್ಷಣ ಕೂಗಾಡುವುದಿಲ್ಲ. ಗೊತ್ತಾದವರಂತೆ ನಟಿಸುತ್ತ ಭಯವನ್ನು ಮುಚ್ಚಿಡುತ್ತಾರೆ. ಡಿಮೆನ್ಷಿಯಾ ಇರುವ ಹಿರಿಯರ ಜೊತೆ ಬಾಳಿದವರಿಗೆ ಆ ಸೌಜನ್ಯದ ನಗು ಚೆನ್ನಾಗಿ ಗೊತ್ತು. ಬೈಗುಳಕ್ಕಿಂತ ಅದೇ ಹೆಚ್ಚು ಸುಡುತ್ತದೆ.

ಇನ್ನೂ ಕಠೋರವಾದದ್ದು ಲೂಸಿಯ ಪ್ರಸಂಗ. ಆನ್‌ಳ ತಂಗಿ ಲೂಸಿ ಅಪಘಾತದಲ್ಲಿ ತೀರಿಕೊಂಡಿದ್ದಾಳೆ. ಹೊಸ ನೆನಪು ಅಳಿದರೂ ಹಳೆಯದು ಬಹುಕಾಲ ಉಳಿಯುವ ಈ ಕಾಯಿಲೆಯಲ್ಲಿ ಲೂಸಿಯ ಸಾವೇ ಅಳಿಸಿಹೋಗಿ ಅವಳ ಮೇಲಿನ ಅಕ್ಕರೆ ಮಾತ್ರ ಹಸಿಯಾಗಿದೆ. ಊಟ, ಔಷಧಿ ನೋಡಿಕೊಳ್ಳುವ ಮಗಳ ಎದುರೇ ಅಪ್ಪ ಇಲ್ಲದ ಮಗಳನ್ನು ಹೊಗಳುತ್ತಾನೆ. ಕೋಲ್ಮನ್ ತಿದ್ದಲು ಹೋಗುವುದಿಲ್ಲ. ಕಣ್ಣು ತುಂಬಿಕೊಂಡೇ ನಗಲು ನೋಡುತ್ತಾರೆ.

ಚಿತ್ರ ಎಡವುವುದೂ ಈ ಮಗಳ ವಿಷಯದಲ್ಲೇ. ಆನ್ ಅಪ್ಪನ ಕತ್ತು ಹಿಸುಕಿದಂತೆ ಕಲ್ಪಿಸಿಕೊಳ್ಳುವ ದೃಶ್ಯ ಥಟ್ಟನೆ ಬಂದು ಹೋಗುತ್ತದೆ. ಅಂಥ ದಣಿವಿನವರೆಗೆ ಅವಳನ್ನು ತಂದ ಸ್ನಾನ, ಶೌಚ, ನಿದ್ದೆಗೆಟ್ಟ ರಾತ್ರಿಗಳು ತೆರೆಯ ಮೇಲೆ ಇಲ್ಲವೇ ಇಲ್ಲ. ನರ್ಸಿಂಗ್ ಹೋಮಿನಲ್ಲಿ ಅಪ್ಪನನ್ನು ಬಿಟ್ಟುಹೋದ ಮೇಲೆ ಅವಳು ಪ್ಯಾರಿಸ್‌ನಲ್ಲಿದ್ದಾಳೆಂದು ನರ್ಸ್ ಹೇಳುವ ಮಾತಿನಾಚೆ ಅವಳ ಬದುಕು ಕಾಣುವುದಿಲ್ಲ. ನಮ್ಮ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' (2016) ಚಿತ್ರದಲ್ಲಿ ಅನಂತನಾಗ್ ಪಾತ್ರದ ಅಪ್ಪ ಕಳೆದುಹೋದಾಗ ಮಗನಿಗೆ ಬೀದಿ ಬೀದಿ ಹುಡುಕುವ ದಾರಿಯಾದರೂ ಇತ್ತು. ಆನ್‌ಗೆ ಅದೂ ಇಲ್ಲ, ಅಪ್ಪ ಎದುರಿಗೇ ಕೂತಿದ್ದಾನೆ. ಆ ಸಂಕಟಕ್ಕೆ ಝೆಲರ್ ಇನ್ನಷ್ಟು ಸಮಯ ಕೊಡಬೇಕಿತ್ತು.

ಹಾಗಿದ್ದರೂ ಈ ಕಾಯಿಲೆಯನ್ನು ರೋಗಿಯ ಕಣ್ಣಿನಿಂದ ಇಷ್ಟು ನಿಖರವಾಗಿ ತೋರಿಸಿದ ಬೇರೆ ಚಿತ್ರವನ್ನು ನಾನು ನೋಡಿಲ್ಲ. ಮನೆಯಲ್ಲಿ ಇಂಥ ಹಿರಿಯರಿದ್ದರೆ, ದೂರದ ಊರಿನಿಂದ ಹಬ್ಬಕ್ಕೆ ಬಂದು 'ನನ್ನ ಗುರುತು ಹಿಡಿದರಲ್ಲ, ನಿನ್ನದು ಯಾಕೆ ಹಿಡಿಯಲ್ಲ?' ಎಂದು ಕೇಳುವ ಅಣ್ಣತಮ್ಮಂದಿರನ್ನು, ಅಕ್ಕತಂಗಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ನೋಡಿ.