ದೊಡ್ಡ ಆರ್ಡರಿಗೆ ಫೋನಿನ ಒಪ್ಪಿಗೆ: ಒಂದು ಪದ್ಧತಿಯ ವಿಮರ್ಶೆ

ಷೇರು ಮಾರುಕಟ್ಟೆಗೆ ತಾನಾಗಿಯೇ ಆರ್ಡರ್ ಕಳಿಸುವ ಪ್ರೋಗ್ರಾಂಗಳಲ್ಲಿ ಅಳವಡಿಸಬಹುದಾದ ಒಂದು ಕಟ್ಟುಪಾಡೆಂದರೆ, ಆರ್ಡರಿನ ಮೊತ್ತ ಎಂದಿನದಕ್ಕಿಂತ ತೀರ ಹೆಚ್ಚಾದಾಗ ಅದನ್ನು ತಡೆಹಿಡಿದು, ಹೊಣೆಗಾರನ ಫೋನಿಗೆ ಸಂದೇಶ ಕಳಿಸಿ, ಆತನ ಉತ್ತರ ಬಂದ ಮೇಲಷ್ಟೇ ಮುಂದುವರಿಯುವುದು. ಈ ಪದ್ಧತಿ ಒಪ್ಪತಕ್ಕದ್ದೇ ಆದರೂ ಅದರ ಬಲವಿರುವುದು ನಡುವೆ ಮನುಷ್ಯನೊಬ್ಬನಿದ್ದಾನೆ ಎಂಬುದರಲ್ಲಲ್ಲ, ಉತ್ತರ ಕೊಡುವ ಮೊದಲು ಆತ ಏನನ್ನು ಓದಲೇಬೇಕಾಗುತ್ತದೆ ಎಂಬುದರಲ್ಲಿ.

ಇದಕ್ಕೆ ಲಂಡನ್ನಿನ ಸಿಟಿಗ್ರೂಪ್ ವಹಿವಾಟು ಕೇಂದ್ರದಲ್ಲಿ 2022ರ ಮೇ 2ರಂದು ನಡೆದದ್ದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಸಿಗುವುದು ಕಷ್ಟ. ಅಲ್ಲಿನ ವ್ಯಾಪಾರಿಯೊಬ್ಬರು 5.8 ಕೋಟಿ ಡಾಲರ್ ಮೌಲ್ಯದ ಷೇರುಗಳ ಗುಚ್ಛವನ್ನು ಮಾರಬೇಕಿದ್ದು, ನಮೂದಿಸುವಾಗ ಆದ ತಪ್ಪಿನಿಂದ 44,400 ಕೋಟಿ ಡಾಲರ್‌ನ ಗುಚ್ಛ ಸಿದ್ಧವಾಯಿತು. ಯಂತ್ರದ ಕಡ್ಡಾಯ ತಡೆಗಳು 25,500 ಕೋಟಿಯಷ್ಟನ್ನು ನಿಲ್ಲಿಸಿದವಾದರೂ ಉಳಿದ 18,900 ಕೋಟಿ ಮುಂದಕ್ಕೆ ಹೋಗಿ, ರದ್ದಾಗುವಷ್ಟರಲ್ಲಿ 140 ಕೋಟಿ ಡಾಲರ್‌ನ ಷೇರುಗಳು ಯೂರೋಪಿನ ಪೇಟೆಗಳಲ್ಲಿ ಮಾರಾಟವಾಗಿದ್ದವು. ಮನುಷ್ಯನನ್ನು ಕೇಳದೆ ಇದು ನಡೆಯಲಿಲ್ಲ. ಪರದೆಯ ಮೇಲೆ ಬಂದ ಎಚ್ಚರಿಕೆಗಳು 711. ಅವುಗಳಲ್ಲಿ ಕಣ್ಣಿಗೆ ಬೀಳುತ್ತಿದ್ದುದು ಮೊದಲ 18 ಸಾಲು ಮಾತ್ರ, ಮತ್ತು ಉಳಿದುದನ್ನು ಸರಿಸಿ ಓದದೆಯೇ ಅವನ್ನೆಲ್ಲ ಒಟ್ಟಿಗೆ ದಾಟಿಹೋಗಲು ಅವಕಾಶವಿತ್ತು. ಎರಡು ವರ್ಷಗಳ ನಂತರ ಬ್ರಿಟನ್ನಿನ ನಿಯಂತ್ರಕರು ವಿಧಿಸಿದ ದಂಡ ಒಟ್ಟು 6.16 ಕೋಟಿ ಪೌಂಡ್. ಓದದೆ ದಾಟಬಹುದಾದ ಪ್ರಶ್ನೆಯನ್ನು ಪರದೆಯಿಂದ ಫೋನಿಗೆ ಸ್ಥಳಾಂತರಿಸಿದ ಮಾತ್ರಕ್ಕೆ ಅದು ತಡೆಯಾಗಿ ಮಾರ್ಪಡುವುದಿಲ್ಲ.

ಚಿಕ್ಕ ಹೂಡಿಕೆದಾರರ ಮಟ್ಟದಲ್ಲಿ ಇದು ಹೇಗೆ ಕಾಣುತ್ತದೆಂಬುದಕ್ಕೆ ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಒಂದು ಷೇರಿನ ಬೆಲೆ ಹಿಂದಿನ ದಿನಕ್ಕಿಂತ ಶೇಕಡ 1ರಷ್ಟು ಇಳಿದಾಗಲೆಲ್ಲ 20,000 ರೂಪಾಯಿಯಂತೆ ಕೊಳ್ಳುವ ಪ್ರೋಗ್ರಾಂ ಇದೆಯೆಂದುಕೊಂಡರೆ, ಶೇಕಡ ಎರಡು ಮೂರರ ಇಳಿತಕ್ಕೆ ಅದು 40ರಿಂದ 60 ಸಾವಿರದ ಆರ್ಡರ್ ಕಳಿಸುತ್ತದೆ. ಒಂದು ಬೆಳಿಗ್ಗೆ ಕಂಪನಿ ಪ್ರತಿ ಷೇರನ್ನು ಐದಾಗಿ ವಿಭಜಿಸಿದ್ದರಿಂದ 2,000 ರೂಪಾಯಿಯ ಬೆಲೆ 400ಕ್ಕೆ ಬರುತ್ತದೆ. ಷೇರುಗಳ ಸಂಖ್ಯೆ ಐದು ಪಟ್ಟಾದುದರಿಂದ ಯಾರಿಗೂ ನಷ್ಟವಿಲ್ಲ, ಆದರೆ ಹಳೆಯ ಬೆಲೆಯನ್ನು ಸರಿಹೊಂದಿಸಿಕೊಳ್ಳದ ಪ್ರೋಗ್ರಾಮಿಗೆ ಅದು ಶೇಕಡ 80ರ ಕುಸಿತವಾಗಿ ಕಂಡು, 16 ಲಕ್ಷ ರೂಪಾಯಿಗೆ ಕೊಳ್ಳಲು ಹೊರಡುತ್ತದೆ. ಹಿಂದಿನ ಆರ್ಡರುಗಳ ಮಧ್ಯಾಂಕ, ಅಂದರೆ ಅವನ್ನು ಏರಿಕೆಯ ಕ್ರಮದಲ್ಲಿಟ್ಟಾಗ ನಟ್ಟನಡುವೆ ಬರುವ ಮೊತ್ತ, 50,000 ಎಂದಿಟ್ಟುಕೊಂಡು ಅದರ ಮೂರು ಪಟ್ಟನ್ನು ಮಿತಿಯಾಗಿಸಿದ್ದರೆ ಆರ್ಡರ್ ಇಲ್ಲಿ ನಿಲ್ಲುತ್ತದೆ. ಸರಾಸರಿಯನ್ನು ಆಧಾರವಾಗಿಸಿಕೊಳ್ಳುವುದು ಸರಿಯಲ್ಲ, ಏಕೆಂದರೆ ಹಿಂದೊಮ್ಮೆ ಒಪ್ಪಿದ ಒಂದೇ ಒಂದು ಭಾರೀ ಆರ್ಡರ್ ಅದನ್ನು ಮೇಲಕ್ಕೆಳೆದು ಮಿತಿಯನ್ನು ಸಡಿಲಗೊಳಿಸುತ್ತದೆ.

ಈಗ ಫೋನಿಗೆ ಹೋಗುವ ಸಂದೇಶವೇ ನಿರ್ಣಾಯಕ. ‘ದೊಡ್ಡ ಆರ್ಡರ್ ಇದೆ, ಕಳಿಸಲೇ?’ ಎಂದಷ್ಟೇ ಕೇಳಿದರೆ ಬಸ್ಸಿನಲ್ಲಿ ನಿಂತವರು ‘ಹೌದು’ ಒತ್ತುತ್ತಾರೆ. ಅದರ ಬದಲು ‘16,00,000 ರೂಪಾಯಿಯ ಖರೀದಿ, ಸಾಮಾನ್ಯ ಮೊತ್ತ 50,000, ಕಾರಣ, ನಿನ್ನೆ 2,000 ಇದ್ದ ಬೆಲೆ ಇಂದು 400’ ಎಂದು ಬಂದರೆ, ಪೇಟೆಯ ಪರಿಚಯವಿರುವವರಿಗೆ ಕಾರಣದ ಸಾಲೊಂದರಿಂದಲೇ ಷೇರು ವಿಭಜನೆಯ ಅನುಮಾನ ಬರುತ್ತದೆ. ಉತ್ತರವೂ ಗುಂಡಿ ಒತ್ತುವುದಾಗಿರದೆ ಮೊತ್ತವನ್ನು ಅಂಕಿಗಳಲ್ಲಿ ಬರೆದು ಕಳಿಸುವುದಾಗಿರಬೇಕು. 1600000 ಎಂದು ಬರೆಯುವ ಬೆರಳು ಆ ಸೊನ್ನೆಗಳನ್ನು ಎಣಿಸದೆ ಇರಲಾರದು. ಉತ್ತರ ಬಾರದಿದ್ದರೆ ಅದನ್ನು ನಿರಾಕರಣೆಯೆಂದೇ ತಿಳಿಯಬೇಕು, ಮತ್ತು ಹತ್ತು ನಿಮಿಷ ಕಳೆದು ಬಂದ ಒಪ್ಪಿಗೆ ಹಳೆಯ ಬೆಲೆಗೆ ಸಂಬಂಧಿಸಿದ್ದಾದುದರಿಂದ ಆ ಆರ್ಡರನ್ನು ಕೈಬಿಟ್ಟು ಹೊಸದಾಗಿ ಲೆಕ್ಕ ಹಾಕಬೇಕು.

ಇಷ್ಟೆಲ್ಲ ಸರಿಯಿದ್ದರೂ ಈ ತಡೆ ಕಾಣಲಾರದ ಒಂದು ಅಪಾಯ ಉಳಿಯುತ್ತದೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆಯ ಯಂತ್ರಗಳು ಗ್ರಾಹಕರ ಕೇವಲ 212 ಆರ್ಡರುಗಳನ್ನು ಪೂರೈಸಹೊರಟು, 45 ನಿಮಿಷಗಳಲ್ಲಿ 40 ಲಕ್ಷಕ್ಕೂ ಹೆಚ್ಚು ವಹಿವಾಟು ನಡೆಸಿ 46 ಕೋಟಿ ಡಾಲರ್‌ಗೂ ಮೀರಿದ ನಷ್ಟ ತಂದವು. ಅನಾಹುತ ಅಲ್ಲಿ ಬಂದದ್ದು ಒಂದು ಭಾರೀ ಆರ್ಡರಿನ ರೂಪದಲ್ಲಲ್ಲ, ಚಿಕ್ಕವುಗಳ ಹಿಂಡಾಗಿ. ಆದ್ದರಿಂದ ಬಿಡಿ ಆರ್ಡರಿನ ಗಾತ್ರವನ್ನಷ್ಟೇ ಅಳೆಯುವ ಮಿತಿ ಅರ್ಧ ಮಿತಿ; ದಿನದ ಒಟ್ಟು ಮೊತ್ತಕ್ಕೂ ಇನ್ನೊಂದು ಮಿತಿಯಿರಬೇಕು, ಅದನ್ನು ಮೀರಿದಾಗ ಯಾವ ಉತ್ತರಕ್ಕೂ ಕಾಯದೆ ಪ್ರೋಗ್ರಾಂ ನಿಲ್ಲಬೇಕು.

ಮಾರಾಟದ ಆರ್ಡರುಗಳಿಗೂ ಇದೇ ನಿಯಮವನ್ನು ಕಣ್ಣುಮುಚ್ಚಿ ಅನ್ವಯಿಸುವುದು ತಪ್ಪಾದೀತು. ಬೆಲೆ ನಿಗದಿತ ಮಟ್ಟಕ್ಕಿಂತ ಇಳಿದಾಗ ನಷ್ಟವನ್ನು ಅಲ್ಲಿಗೇ ನಿಲ್ಲಿಸಲೆಂದು ಹೋಗುವ ಸ್ಟಾಪ್ ಲಾಸ್ ಆರ್ಡರ್ ಸಾಮಾನ್ಯವಾಗಿ ಕೈಯಲ್ಲಿರುವ ಷೇರುಗಳನ್ನೆಲ್ಲ ಒಮ್ಮೆಗೇ ಮಾರುವುದರಿಂದ ಅದು ದೊಡ್ಡದಾಗಿಯೇ ಇರುತ್ತದೆ. ಚಾರ್ಜ್ ಮುಗಿದ ಫೋನಿಗಾಗಿ ಅದು ಕಾಯುತ್ತ ಕುಳಿತರೆ ರಕ್ಷಣೆಯೆಂದು ಇಟ್ಟ ತಡೆಯೇ ನಷ್ಟವನ್ನು ಬೆಳೆಸುತ್ತದೆ. ಆದಕಾರಣ ಇರುವ ಷೇರುಗಳ ಸಂಖ್ಯೆಯನ್ನು ಮೀರದ ಮಾರಾಟವನ್ನು ಒಪ್ಪಿಗೆಯಿಲ್ಲದೆ ಬಿಟ್ಟು, ಸಂದೇಶವನ್ನು ಮಾರಾಟದ ನಂತರ ಕಳಿಸುವುದು ಲೇಸು.