ಧ್ವಜದಡಿಯ ಆ ಚಿತ್ರ: ಸ್ಟುಡಿಯಂ ಮತ್ತು ಪಂಕ್ಟಂ

1971ರ ಡಿಸೆಂಬರ್ 2ರಂದು ದುಬೈನ ಯೂನಿಯನ್ ಹೌಸ್‌ನಲ್ಲಿ ಹೊಸ ದೇಶದ ಧ್ವಜ ಮೊದಲ ಬಾರಿಗೆ ಏರಿತು. ಅದರಡಿ ನಿಂತ ಅರಸರ ಕಪ್ಪು-ಬಿಳುಪು ಚಿತ್ರ ತೆಗೆದವರು ಮುಂಬೈಯಿಂದ ಇಲ್ಲಿಗೆ ಬಂದಿದ್ದ ರಮೇಶ್ ಶುಕ್ಲಾ. ನಲವತ್ತನೆಯ ರಾಷ್ಟ್ರೀಯ ದಿನದ ಲಾಂಛನಕ್ಕೂ ಇದೇ ಮೂಲ. ನಮ್ಮ ಕಣ್ಣಿಗೆ ಇದು ಎಷ್ಟು ರೂಢಿಯಾಗಿದೆಯೆಂದರೆ, ನಾವದನ್ನು ನಿಂತು ನೋಡುವುದೇ ಇಲ್ಲ.

ಫ್ರೆಂಚ್ ವಿಮರ್ಶಕ ರೋಲಾನ್ ಬಾರ್ತ್ 1980ರ ತನ್ನ 'ಕ್ಯಾಮೆರಾ ಲೂಸಿಡಾ'ದಲ್ಲಿ ಎರಡು ಪದಗಳನ್ನು ಬಳಸಿದ. ಚಿತ್ರದಲ್ಲಿ ನಮ್ಮ ತಿಳಿವಳಿಕೆಗೆ ದಕ್ಕುವುದು, ಛಾಯಾಗ್ರಾಹಕನ ಉದ್ದೇಶದೊಂದಿಗೆ ನಾವು ಒಪ್ಪಿ ಓದುವುದು ಸ್ಟುಡಿಯಂ. ಆ ಓದನ್ನು ಮುರಿದು, ಕರೆಯದೆಯೇ ಬಂದು ನಮ್ಮನ್ನು ಚುಚ್ಚುವುದು ಪಂಕ್ಟಂ.

ಸ್ಟುಡಿಯಂ ಇಲ್ಲಿ ಸುಲಭ. ನಿಲುವಂಗಿ ತೊಟ್ಟ ಅರಸರು, ಧ್ವಜಸ್ತಂಭ, ಒಕ್ಕೂಟದ ಹುಟ್ಟು. ಆದರೆ ಸ್ಟುಡಿಯಂ ನಮ್ಮಿಂದ ಚಿತ್ರದಲ್ಲಿ ಇಲ್ಲದ್ದನ್ನೂ ಓದಿಸುತ್ತದೆ. ಕಪ್ಪು-ಬಿಳುಪಿನಲ್ಲಿ ಬೂದುಬಣ್ಣವಾಗಿರುವ ಬಟ್ಟೆಗೆ ಕೆಂಪು, ಹಸಿರು ತುಂಬಿಕೊಳ್ಳುವವರು ನಾವೇ. ಹಾಗೆಯೇ 'ಏಳು ಎಮಿರೇಟುಗಳು' ಎಂದೂ ಓದುತ್ತೇವೆ. ಅಂದು ಒಂದಾದದ್ದು ಆರು. ರಾಸ್ ಅಲ್ ಖೈಮಾ ಸೇರಿದ್ದು 1972ರ ಫೆಬ್ರವರಿ 10ರಂದು.

ಪಂಕ್ಟಂ ಎಲ್ಲಿ? ಹಾರುವ ಧ್ವಜ ಎನ್ನಲು ಮನಸ್ಸಾಗುತ್ತದೆ. ಆದರೆ ಛಾಯಾಗ್ರಾಹಕ ಅಲ್ಲಿಗೆ ಹೋದದ್ದೇ ಅದಕ್ಕಾಗಿ, ಆದ್ದರಿಂದ ಅದು ಸ್ಟುಡಿಯಂಗೆ ಸೇರಿದ್ದು. ಯಾರೋ ತೋರಿಸಲೆಂದೇ ಇಟ್ಟದ್ದು ಚುಚ್ಚುವುದು ಅಪರೂಪ. ನಮ್ಮ ಪತ್ರಿಕೆಗಳ ಎಷ್ಟೋ 'ಹೃದಯ ಕಲಕುವ' ಚಿತ್ರಗಳು ಒಂದು ದಿನಕ್ಕೆ ಮುಗಿಯುವುದೂ ಇದೇ ಕಾರಣಕ್ಕೆ.

ನನ್ನನ್ನು ತಡೆದು ನಿಲ್ಲಿಸುವವರು ಆ ಸಾಲಿನಲ್ಲಿರುವ ಶಾರ್ಜಾದ ಅರಸ ಶೇಖ್ ಖಾಲಿದ್ ಬಿನ್ ಮೊಹಮ್ಮದ್ ಅಲ್ ಖಾಸಿಮಿ. ಎರಡು ತಿಂಗಳು ತುಂಬುವ ಮೊದಲೇ, 1972ರ ಜನವರಿಯಲ್ಲಿ, ಅಧಿಕಾರ ಕಸಿಯುವ ಯತ್ನವೊಂದರಲ್ಲಿ ಅವರ ಹತ್ಯೆಯಾಯಿತು. ಚಿತ್ರದಲ್ಲಿ ಅವರು ಉಳಿದವರಂತೆಯೇ ನಿಂತಿದ್ದಾರೆ.

ಇದು ಇತಿಹಾಸದಿಂದ ಬಂದ ತಿಳಿವಳಿಕೆ, ಹಾಗಾದರೆ ಇದೂ ಸ್ಟುಡಿಯಂ ಅಲ್ಲವೇ ಎಂದು ನೀವು ಕೇಳಬಹುದು. ಬಾರ್ತ್ ತನ್ನ ಪುಸ್ತಕದ ಎರಡನೆಯ ಭಾಗದಲ್ಲಿ ಇನ್ನೊಂದು ಪಂಕ್ಟಂ ಹೇಳುತ್ತಾನೆ: ಕಾಲ. ಲಿಂಕನ್ ಹತ್ಯೆಯ ಸಂಚಿನಲ್ಲಿ ಸೆರೆಸಿಕ್ಕ ಲೂಯಿಸ್ ಪೇನ್‌ನನ್ನು 1865ರಲ್ಲಿ ಅಲೆಕ್ಸಾಂಡರ್ ಗಾರ್ಡ್‌ನರ್ ತೆಗೆದ ಚಿತ್ರ ಅವನ ಉದಾಹರಣೆ. ಅದರಲ್ಲಿರುವ ತರುಣ ಸತ್ತು ಶತಮಾನ ಕಳೆದಿದೆ. ಚಿತ್ರದೊಳಗೆ ಮಾತ್ರ ಇನ್ನೂ ನೇಣಿಗಾಗಿ ಕಾಯುತ್ತಿದ್ದಾನೆ. ಪೇನ್‌ಗೆ ತನ್ನ ಸಾವು ಗೊತ್ತಿತ್ತು. ಯೂನಿಯನ್ ಹೌಸ್‌ನಲ್ಲಿ ನಿಂತವರಿಗೆ ಗೊತ್ತಿರಲಿಲ್ಲ. ಹೊಸ ದೇಶದ ಮೊದಲ ದಿನವೆಂದೇ ಓದಿಸಿಕೊಳ್ಳುವ ಚಿತ್ರದಲ್ಲಿ ಒಬ್ಬರಿಗೆ ಉಳಿದಿದ್ದುದು ಕೆಲವೇ ವಾರಗಳು.

ಲಾಂಛನದಲ್ಲಿ ಇದು ಉಳಿಯಲಿಲ್ಲ. ಅಲ್ಲಿ ಅರಸರು ಬರಿಯ ಆಕೃತಿಗಳು. ಸ್ಟುಡಿಯಂ ಪೂರ್ತಿಯಾಗಿ ದಾಟಿ ಬಂದಿದೆ, ಆದರೆ ಶೇಖ್ ಖಾಲಿದ್ ಯಾರೆಂದು ಗುರುತಿಸಲು ಮುಖವೇ ಇಲ್ಲ.