ಮಾಧು ಗಟ್ಟಿಯಾದರೆ ಸಾಲೋಟಗಿಯ ಹುಡುಗಿಗೇನು?

ಪರೀಕ್ಷೆ ಮತ್ತು ಸಾಹಿತ್ಯದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಒಂದು ತೀರ್ಪು ಸಿದ್ಧವಾಗಿರುತ್ತದೆ. ಕೈಲಾಸಂ ‘ಟೊಳ್ಳುಗಟ್ಟಿ’ಯಲ್ಲೇ ಆ ವಿಷಯವನ್ನು ಮುಗಿಸಿದರು, ಪಾಸಾಗುವ ಪುಟ್ಟು ಟೊಳ್ಳು, ಫೇಲಾಗುವ ಮಾಧು ಗಟ್ಟಿ, ಇನ್ನು ಹೇಳುವುದೇನೂ ಉಳಿದಿಲ್ಲ ಎಂಬುದು ಆ ತೀರ್ಪು. ಸರ್ಕಾರವೇ ಪರೀಕ್ಷೆ ಇಟ್ಟು ಮಕ್ಕಳ ಹಣೆಬರಹ ಬರೆಯುವ ಡಿಸ್ಟೋಪಿಯಾ ಕಥೆಗಳೆಲ್ಲ ಹೊರಗಿನ ಸರಕು, ಹದಿಹರೆಯದವರ ರಂಜನೆ ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ಈ ಎರಡು ಮಾತುಗಳನ್ನೂ ನಾನು ಒಪ್ಪುವುದಿಲ್ಲ. ಮಾಧುವಿನ ಗಟ್ಟಿತನಕ್ಕೆ ಚಪ್ಪಾಳೆ ತಟ್ಟುವುದು ಪರೀಕ್ಷೆ ದಾಟಿ ಕುಳಿತ ಮನೆಯವರಿಗೆ ಸುಲಭ. ಇಂಡಿ ತಾಲೂಕಿನ ಸಾಲೋಟಗಿಯ ಒಣಬೇಸಾಯದ ಮನೆಯಿಂದ ಸೈನ್ಸ್ ಓದಲು ಹೊರಟ ಹುಡುಗಿಗೆ ಅಂಕ ಬಿಟ್ಟರೆ ಬೇರೆ ದಾರಿಯಿಲ್ಲ. ಅವಳ ಮುಂದೆ ಅಂಕ ಟೊಳ್ಳು ಎನ್ನುವುದು ಕ್ರೌರ್ಯವೇ ಸರಿ.

ಇಷ್ಟಾಗಿಯೂ ಪಶ್ಚಿಮದ ಪರೀಕ್ಷಾಕಥೆಗಳ ಪರಂಪರೆಯಲ್ಲಿ ಬಹುಪಾಲು ಈ ಮಾಧುವೇ ವೇಷ ಬದಲಿಸಿ ಬಂದಿದ್ದಾನೆ. ಐಸಾಕ್ ಅಸಿಮೊವ್ 1957ರಲ್ಲಿ ಬರೆದ ‘ಪ್ರೊಫೆಷನ್’ನಲ್ಲಿ ಹದಿನೆಂಟರ ಜಾರ್ಜ್ ಪ್ಲೇಟನ್ ಯಾವ ವೃತ್ತಿಗೂ ಯೋಗ್ಯನಲ್ಲವೆಂದು ಮಂದಮತಿಗಳ ನಿಲಯಕ್ಕೆ ಸಾಗಿಸಲ್ಪಡುತ್ತಾನೆ. ಕೊನೆಗೆ ತಿಳಿಯುವುದೇನೆಂದರೆ, ಅವನು ಹೊಸದನ್ನು ಸೃಷ್ಟಿಸಬಲ್ಲ ಅಪರೂಪದ ಬುದ್ಧಿಯವನು. ಪರೀಕ್ಷೆ ಅವನ ವಿಷಯದಲ್ಲಿ ತಪ್ಪಿರಲೇ ಇಲ್ಲ. ವೆರೊನಿಕಾ ರಾತ್ 2011ರಲ್ಲಿ ಬರೆದ ‘ಡೈವರ್ಜೆಂಟ್’ ಅಂತೂ ಈ ಮೋಸವನ್ನು ಲಕ್ಷಾಂತರ ಮಕ್ಕಳಿಗೆ ಹಂಚಿತು. ಹದಿನಾರರ ಬಿಯಾಟ್ರಿಸ್ ಸರ್ಕಾರದ ಸಾಮರ್ಥ್ಯ ಪರೀಕ್ಷೆಗೆ ಕೂರುತ್ತಾಳೆ. ಐದು ಬಣಗಳಲ್ಲಿ ಒಂದಕ್ಕೆ ಅವಳನ್ನು ಹೊಂದಿಸಬೇಕಾದ ಯಂತ್ರಕ್ಕೆ ಅವಳು ಮೂರಕ್ಕೂ ಹೊಂದುವವಳಾಗಿ ಕಾಣುತ್ತಾಳೆ. ಇದನ್ನು ಬಂಡಾಯದ ಕಥೆ ಎಂದು ಹೊಗಳುವವರಿದ್ದಾರೆ. ನನಗೆ ಅದು ಪರೀಕ್ಷೆಗೆ ಸಲ್ಲಿಸಿದ ಅತಿ ದೊಡ್ಡ ಗೌರವವಾಗಿ ಕಾಣುತ್ತದೆ. ಈ ಹುಡುಗಿ ಎಲ್ಲರಂತಲ್ಲ ಎಂದು ಮೊಟ್ಟಮೊದಲು ಗುರುತಿಸುವುದು ಆ ಯಂತ್ರವೇ. ಸಾಲದ್ದಕ್ಕೆ ಮರುದಿನದ ಆಯ್ಕೆಯ ಸಮಾರಂಭದಲ್ಲಿ ಫಲಿತಾಂಶ ಏನೇ ಇರಲಿ, ಮನಸ್ಸಿಗೆ ಬಂದ ಬಣವನ್ನು ಅವಳು ಆರಿಸಿಕೊಳ್ಳಬಹುದು. ಹೀಗೆ ಬಿಟ್ಟುಕೊಡುವ ಪರೀಕ್ಷೆಗೆ ಹೆದರುವುದಾದರೂ ಏಕೆ?

ನಮ್ಮಲ್ಲೂ ಆಯ್ಕೆ ಇದೆ, ಅದರ ಹೆಸರು ಆಪ್ಷನ್ ಎಂಟ್ರಿ. ಸಾಲೋಟಗಿಯ ಒಬ್ಬ ಹುಡುಗಿಯನ್ನು ಊಹಿಸಿಕೊಳ್ಳೋಣ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ, ಪಿಯುಸಿಯಲ್ಲಿ ಒಮ್ಮೆಗೇ ಇಂಗ್ಲಿಷ್ ಪುಸ್ತಕಗಳಿಗೆ ಬಂದವಳು. ಎಂಜಿನಿಯರಿಂಗ್ ಸೀಟಿನ ರ‍್ಯಾಂಕಿಗೆ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಗಳಿಂದ ಅರ್ಧ, ಸಿಇಟಿಯಿಂದ ಅರ್ಧ ಸೇರುತ್ತದೆ. ಅವಳಿಗೆ ಪಿಯುಸಿಯಲ್ಲಿ 300ಕ್ಕೆ 240 ಬಂದಿದೆ, ಅಂದರೆ 40 ಅಂಕ ಕೈಗೆ ಬಂತು. ಸಿಇಟಿಯಲ್ಲಿ 180ಕ್ಕೆ 90, ಅಲ್ಲಿಂದ 25. ಒಟ್ಟು 65. ಬೆಂಗಳೂರಿನ ಒಬ್ಬ ಹುಡುಗ ಪಿಯುಸಿಯಲ್ಲಿ ಅವಳಿಗಿಂತ ಹಿಂದೆ, 225 ಮಾತ್ರ, ಹಾಗಾಗಿ ಅವನಿಗೆ 37.5. ಆದರೆ ಸಿಇಟಿಯಲ್ಲಿ ಅವನು 126 ತೆಗೆದಿದ್ದಾನೆ, ಅದರಿಂದ 35. ಒಟ್ಟು 72.5. ಬಿಡಿಸಿ ಬರೆಯುವ ಪರೀಕ್ಷೆಯಲ್ಲಿ ಮುಂದಿದ್ದವಳು ಗುರುತು ಹಾಕುವ ಪರೀಕ್ಷೆಯಲ್ಲಿ ಹಿಂದೆ ಬಿದ್ದಳು. ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಆದರೆ ಒಂದು ಪ್ರಶ್ನೆಗೆ 80 ಸೆಕೆಂಡಿಗಿಂತ ಹೆಚ್ಚು ಸಿಗುವುದಿಲ್ಲ. ಈ ವೇಗವನ್ನು ಕಲಿಸುವುದು ಕೋಚಿಂಗ್. ಇಂಥ ಲೆಕ್ಕದಿಂದ ಬಂದ ರ‍್ಯಾಂಕನ್ನು ಕೈಯಲ್ಲಿ ಹಿಡಿದು ಅವಳು ಆಪ್ಷನ್ ಎಂಟ್ರಿಗೆ ಕೂರುತ್ತಾಳೆ. ಎಷ್ಟು ಕಾಲೇಜನ್ನಾದರೂ ಬರೆಯಬಹುದು. ಬರೆದದ್ದರಲ್ಲಿ ಯಾವುದು ಸಿಗಬೇಕೆಂಬುದನ್ನು ರ‍್ಯಾಂಕು ಮೊದಲೇ ನಿಶ್ಚಯಿಸಿಬಿಟ್ಟಿರುತ್ತದೆ. ಬಿಯಾಟ್ರಿಸಳ ಸಮಾರಂಭದಲ್ಲಿ ಇಲ್ಲದ ಭಯ ಇಲ್ಲಿದೆ. ಕೊನೆಯಲ್ಲಿ ಸಿಕ್ಕಿದ್ದು ತಾನೇ ಕೇಳಿದ್ದು ಎಂದು ಹುಡುಗಿ ನಂಬಬೇಕಾಗುತ್ತದೆ.

ಈ ಭಯವನ್ನು ನಿಜವಾಗಿ ಬಲ್ಲ ಲೇಖಕ ನನ್ನ ಪ್ರಕಾರ ಒಬ್ಬನೇ, ಅಮೆರಿಕದ ಹೆನ್ರಿ ಸ್ಲೆಸರ್. ಅವನ ‘ಎಕ್ಸಾಮಿನೇಷನ್ ಡೇ’ ಬಂದದ್ದು 1958ರಲ್ಲಿ. ಇಂಗ್ಲೆಂಡಿನಲ್ಲಿ ಹನ್ನೊಂದರ ಮಕ್ಕಳನ್ನು ಒಂದೇ ಪರೀಕ್ಷೆಯಿಂದ ಬೇರ್ಪಡಿಸುತ್ತಿದ್ದ ಆ ಕಾಲದಲ್ಲೇ, ಅದೇ ವರ್ಷ, ಮೈಕೆಲ್ ಯಂಗ್ ಮೆರಿಟೋಕ್ರಸಿಯನ್ನು ಲೇವಡಿ ಮಾಡುವ ಪುಸ್ತಕ ತಂದ. ಜಗತ್ತು ಆ ಲೇವಡಿಯ ಮಾತನ್ನೇ ಹೊಗಳಿಕೆಯಾಗಿ ಎತ್ತಿಕೊಂಡಿತು. ಸ್ಲೆಸರನ ಕಥೆಗೆ ಅಂಥ ಗತಿ ಬರಲು ಸಾಧ್ಯವೇ ಇರಲಿಲ್ಲ. ಹನ್ನೆರಡು ತುಂಬಿದ ಡಿಕ್ಕಿಯನ್ನು ಸರ್ಕಾರಿ ಬುದ್ಧಿಪರೀಕ್ಷೆಗೆ ಕರೆದೊಯ್ಯುತ್ತಾರೆ, ಸುಳ್ಳು ಹೇಳದಂತೆ ಏನನ್ನೋ ಕುಡಿಸುತ್ತಾರೆ. ಆಮೇಲೆ ಮನೆಗೆ ಫೋನು ಬರುತ್ತದೆ: ನಿಮ್ಮ ಮಗನ ಬುದ್ಧಿ ನಿಯಮ ಮೀರಿದೆ, ದಫನವನ್ನು ನೀವು ಮಾಡುತ್ತೀರೋ, ಸರ್ಕಾರ ಮಾಡಲೋ?

ಕಥೆ ಓದಿದವರು ಈ ಕೊನೆಯ ಆಘಾತವನ್ನೇ ನೆನಪಿಟ್ಟುಕೊಳ್ಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮೊದಲ ಭಾಗ, ಆ ಮನೆಯ ಬೆಳಗಿನ ತಿಂಡಿಯ ಹೊತ್ತು. ತಾಯಿಯ ಕಣ್ಣು ತುಂಬಿದೆ, ತಂದೆ ಮಾತು ಬದಲಿಸುತ್ತಾನೆ. ಹುಡುಗ ಮಳೆಯ ಬಗ್ಗೆ, ಹುಲ್ಲಿನ ಹಸಿರಿನ ಬಗ್ಗೆ ಕೇಳುತ್ತಾನೆ. ಆಮೇಲೆ ಸೂರ್ಯ ಎಷ್ಟು ದೂರ ಎಂದರೆ ಐದು ಸಾವಿರ ಮೈಲಿ ಎನ್ನುತ್ತಾನೆ ತಂದೆ. ಇಡೀ ವ್ಯವಸ್ಥೆ ಈ ಒಂದು ಉತ್ತರದಲ್ಲಿದೆ. ಅವನಿಗೆ ಗೊತ್ತಿಲ್ಲವೋ, ಗೊತ್ತಿದ್ದೂ ಮಗನನ್ನು ದಡ್ಡನಾಗಿಡಲು ಹಾಗೆ ಹೇಳಿದನೋ, ಕಥೆ ಬಿಡಿಸುವುದಿಲ್ಲ. ಎರಡರಲ್ಲಿ ಯಾವುದಾದರೂ ಭಯಾನಕವೇ. ಡಿಕ್ಕಿ ಬಂಡೇಳುವುದಿಲ್ಲ, ತನ್ನ ಪ್ರತಿಭೆಯನ್ನು ಯಾರೂ ಅರಿಯಲಿಲ್ಲ ಎಂದು ಗೆಲ್ಲುವುದೂ ಇಲ್ಲ. ಅವನ ಪ್ರತಿಭೆಯನ್ನು ಅರಿತವರೇ ಅವನನ್ನು ಮುಗಿಸುತ್ತಾರೆ. ಮಾಧು, ಪ್ಲೇಟನ್, ಬಿಯಾಟ್ರಿಸ್ ಎಲ್ಲರಿಗೂ ಕಥೆಗಾರ ಕೊಟ್ಟ ಸಮಾಧಾನವನ್ನು ಸ್ಲೆಸರ್ ಡಿಕ್ಕಿಗೆ ಕೊಡಲಿಲ್ಲ. ಸ್ಲೆಸರನನ್ನು ಉಳಿದವರಿಗಿಂತ ಮೇಲೆ ಕೂರಿಸಲು ನನಗೆ ಇಷ್ಟೇ ಸಾಕು.

ಹೆತ್ತವರ ಆ ಮೌನ ನಮಗೆ ಪರಕೀಯವಲ್ಲ. ಸೀಟಿನ ಲೆಕ್ಕದಲ್ಲಿ ನೂರಕ್ಕೆ 15 ಗ್ರಾಮೀಣರಿಗೆ, 5 ಕನ್ನಡ ಮಾಧ್ಯಮದವರಿಗೆ ಮೀಸಲು. ಗ್ರಾಮೀಣ ಎನಿಸಿಕೊಳ್ಳಲು ಒಂದರಿಂದ ಹತ್ತನೇ ತರಗತಿಯವರೆಗೆ ಹಳ್ಳಿಯ ಶಾಲೆಯಲ್ಲೇ ಓದಿರಬೇಕು, ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಬೇಕು. ಒಳ್ಳೆಯ ಶಾಲೆಯೆಂದು ಅಪ್ಪ ಮಗಳನ್ನು ಎಂಟನೇ ತರಗತಿಗೆ ಇಂಡಿ ಪಟ್ಟಣಕ್ಕೆ ಹಾಕಿದ್ದರೆ ಆ ಹಕ್ಕು ಹೋಯಿತು. ಭೀಮೆಯ ಆಚೆ ದಂಡೆಯ ಅಫಜಲಪುರದ ಹುಡುಗಿಗೆ 371(ಜೆ) ವಿಧಿಯ ಮೀಸಲಾತಿ ಇದೆ, ಈಚೆಯವಳಿಗಿಲ್ಲ. ಕಲಬುರ್ಗಿ ನಿಜಾಮರಲ್ಲಿತ್ತು, ವಿಜಯಪುರ ಮುಂಬೈ ಪ್ರಾಂತದಲ್ಲಿತ್ತು ಎಂಬುದು ಅದಕ್ಕೆ ಕಾರಣ. ಎಲ್ಲರ ಒಳಿತಿಗೆಂದೇ ಮಾಡಿದ ಈ ನಿಯಮಗಳು ನನಗೂ ಬೇಕು. ಆದರೆ ಅಪ್ಪ ಪ್ರೀತಿಯಿಂದ ತೆಗೆದುಕೊಂಡ ನಿರ್ಧಾರವೇ ನಾಲ್ಕೈದು ವರ್ಷಗಳ ನಂತರ ಮಗಳಿಗೆ ಎದುರಾಗುವುದು, ಅದನ್ನು ಅವನು ಬಾಯಿಬಿಟ್ಟು ಹೇಳಲಾರದೆ ಹೋಗುವುದು, ಇದು ಸ್ಲೆಸರನ ಆ ತಿಂಡಿಯ ಮೇಜೇ ಅಲ್ಲವೇ?

ಇಲ್ಲಿಗೆ ಬಂದಾಗ ಕೆಲವರು ಹಳೆಯ ಕಾಲವೇ ಚೆನ್ನಾಗಿತ್ತು ಎಂದು ಸಾಲೋಟಗಿಯ ಶಾಸನದ ಕಡೆ ಬೆರಳು ತೋರಿಸುತ್ತಾರೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಶಾಸನ ಅದು. ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಗೆ ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗೆ 27 ಮನೆಗಳಿದ್ದವು, ದೀಪದೆಣ್ಣೆಗೂ ಭೂಮಿ ಬಿಟ್ಟಿದ್ದರು. ಹೆಮ್ಮೆಪಡಬೇಕಾದ ದಾನ ಅದು. ಆದರೆ ಆ ಬಾಗಿಲಲ್ಲಿ ಪ್ರಶ್ನೆಪತ್ರಿಕೆ ಬೇಕಿರಲಿಲ್ಲ, ಏಕೆಂದರೆ ಹುಟ್ಟೇ ಆ ಕೆಲಸ ಮಾಡಿ ಮುಗಿಸಿತ್ತು. ವೈದಿಕ ವಿದ್ಯೆಯ ಆ ಶಾಲೆಗೆ ಇದೇ ಊರಿನ ಒಕ್ಕಲಿಗನ ಮಗಳು ಕಾಲಿಡುವ ಮಾತೇ ಇರಲಿಲ್ಲ. ಸಿಇಟಿ ಬೇಡ, ಗುರುಕುಲ ಬೇಕು ಎನ್ನುವವರ ರುಚಿಯನ್ನು ನಾನು ನಂಬದಿರುವುದು ಇದಕ್ಕೇ. ಅವರಿಗೆ ಮಾಧು ಇಷ್ಟವಾಗುವುದೂ ಇದೇ ಕಾರಣಕ್ಕೆ. ಮಾಧು ಫೇಲಾದರೂ ಅವನ ಮನೆ ಉಳಿದಿರುತ್ತದೆ.

ಕನ್ನಡದಲ್ಲಿ ಈ ಪರೀಕ್ಷೆಯ ಕಥೆ ಬರೆಯುವವರಿಗೆ ನನ್ನ ಬೇಡಿಕೆ ಒಂದೇ. ಹುಡುಗಿಯನ್ನು ಕೊನೆಯ ಪುಟದಲ್ಲಿ ಅಪರೂಪದ ಪ್ರತಿಭೆಯೆಂದು ತೋರಿಸಿ ಬಿಡಿಸಿಕೊಳ್ಳಬೇಡಿ. ಅವಳಿಗೆ 65 ಬಂದಿರಲಿ, 65ಕ್ಕೆ ಸಿಗುವ ಕಾಲೇಜೇ ಸಿಗಲಿ. ಅಪ್ಪ ಶುಲ್ಕಕ್ಕೆ ಹಣ ಹೊಂದಿಸುತ್ತಿರಲಿ, ಎಂಟನೇ ತರಗತಿಯ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತದಿರಲಿ.